ತಾಳಿ ಕಟ್ಟುವ ಫೋಟೋದಲ್ಲಿ ಎರಡನೇ ಗದ್ದ: ನೆರಳಿನಿಂದ ತಿದ್ದುವುದು ಹೀಗೆ

ತಾಳಿ ಕಟ್ಟುವಾಗ ಮದುಮಗಳು ತಲೆ ತಗ್ಗಿಸಿರುತ್ತಾಳೆ. ಫೋಟೋಗ್ರಾಫರ್ ಮಂಟಪದ ಮುಂದೆ ಮಂಡಿಯೂರಿ, ಕೆಳಗಿನಿಂದ ಕ್ಯಾಮೆರಾ ಹಿಡಿದಿರುತ್ತಾರೆ. ಆಗ ತೆಳ್ಳಗಿನ ಹುಡುಗಿಗೂ ಎರಡನೇ ಗದ್ದ ಬಂದುಬಿಡುತ್ತದೆ. ಆ ಕ್ಷಣ ಮತ್ತೆ ಸಿಗುವಂಥದ್ದಲ್ಲ, ಫೋಟೋ ಬಿಡೋಕೂ ಆಗಲ್ಲ. ಮುಖದ ಆಕಾರ ಮುಟ್ಟದೆ, ಬೆಳಕು-ನೆರಳನ್ನಷ್ಟೇ ತಿದ್ದಿ ಇದನ್ನು ಫೋಟೋಶಾಪ್‌ನಲ್ಲಿ ಸರಿಪಡಿಸಬಹುದು.

ಮೊದಲು ಫೋಟೋವನ್ನು ದೊಡ್ಡದು ಮಾಡಿ ಗದ್ದದ ಕೆಳಗೆ ನೋಡಿ. ಅಲ್ಲಿ ಎರಡು ವಿಷಯ ಕಾಣುತ್ತವೆ. ಚರ್ಮ ಮಡಿಚಿದ ಕಡೆ ಒಂದು ಕಪ್ಪು ಗೆರೆ. ಅದರ ಕೆಳಗೆ ಉಬ್ಬಿದ ಭಾಗದ ಮೇಲೆ ಹೊಳಪು. ವೇದಿಕೆಯ ಮುಂದಿನ ವಿಡಿಯೋ ಲೈಟ್ ಕೆಳಗಿನಿಂದ ಹೊಡೆದಿದ್ದರೆ ಈ ಹೊಳಪು ಇನ್ನೂ ಜಾಸ್ತಿ. ಹೊಳೆಯುವುದು ಮುಂದೆ ಬಂದಂತೆ ಕಾಣುತ್ತದೆ, ಕಪ್ಪಗಿರುವುದು ಹಿಂದೆ ಸರಿದಂತೆ. ಹಾಗಾಗಿ ನಮ್ಮ ಕೆಲಸ ಸ್ಪಷ್ಟ. ಗೆರೆಯನ್ನು ಸ್ವಲ್ಪ ಬೆಳಗಿಸಬೇಕು, ಉಬ್ಬನ್ನು ಸ್ವಲ್ಪ ಮಂಕು ಮಾಡಬೇಕು, ದವಡೆಯ ಅಂಚನ್ನು ಮತ್ತೆ ಎದ್ದು ಕಾಣಿಸಬೇಕು. ಸುಮ್ನೆ ಗದ್ದದ ಕೆಳಗೆಲ್ಲ ಕಪ್ಪು ಬಳಿದರೆ ಮದುಮಗಳಿಗೆ ಗಡ್ಡ ಬಂದಂತೆ ಕಾಣುತ್ತದೆ.

ಗೆರೆಯಿಂದ ಶುರು ಮಾಡಿ. ಒಂದು Curves ಅಡ್ಜಸ್ಟ್‌ಮೆಂಟ್ ಲೇಯರ್ ಸೇರಿಸಿ, ನಡುವಿನ ಬಿಂದುವನ್ನು Input 128, Output 145ರ ಸುಮಾರಿಗೆ ಎತ್ತಿ. ಇಡೀ ಫೋಟೋ ಬೆಳಗುತ್ತದೆ. ಮಾಸ್ಕ್ ಆಯ್ಕೆಯಾಗಿರುವಾಗ Ctrl+I ಒತ್ತಿ, ಬೆಳಕು ಮರೆಯಾಗುತ್ತದೆ. ಈಗ ಬಿಳಿ ಬಣ್ಣದ ಬ್ರಷ್ ತೆಗೆದುಕೊಳ್ಳಿ. Hardness 0%, Flow 4% ಇರಲಿ. ಬ್ರಷ್‌ನ ಅಗಲ ಗೆರೆಯ ಅಗಲದಷ್ಟೇ ಇರಬೇಕು. ಗೆರೆಯ ಉದ್ದಕ್ಕೂ ಹಗುರವಾಗಿ ಹಲವು ಸಲ ಎಳೆಯಿರಿ. ಗೆರೆ ಅರ್ಧದಷ್ಟು ಮಾಸಿದರೆ ಸಾಕು. ಪೂರ್ತಿ ಅಳಿಸಿದರೆ ಕುತ್ತಿಗೆ ಪ್ಲಾಸ್ಟಿಕ್ ಥರ ಆಗುತ್ತದೆ. ತಲೆ ತಗ್ಗಿಸಿದ ಕುತ್ತಿಗೆಯಲ್ಲಿ ಒಂದು ಮಡಿಕೆ ಇರಲೇಬೇಕು ಅಲ್ವಾ?

ಇನ್ನು ಉಬ್ಬು. ಇನ್ನೊಂದು Curves ಲೇಯರ್ ಸೇರಿಸಿ, ಈ ಸಲ 128ನ್ನು 105ಕ್ಕೆ ಇಳಿಸಿ, ಇದರ ಮಾಸ್ಕನ್ನೂ Ctrl+I ಒತ್ತಿ ಕಪ್ಪಾಗಿಸಿ. ಉಬ್ಬಿನಷ್ಟು ಅಗಲದ ಬ್ರಷ್‌ನಿಂದ ಹೊಳಪಿನ ಮೇಲಷ್ಟೇ ಬಳಿಯಿರಿ. ಸುತ್ತಲಿನ ಕುತ್ತಿಗೆಯ ಬಣ್ಣಕ್ಕೆ ಹೊಳಪು ಹೊಂದಿಕೊಂಡ ತಕ್ಷಣ ನಿಲ್ಲಿಸಿ. ಸರ, ತಾಳಿಯ ದಾರ, ಹೂವಿನ ಹಾರದ ಮೇಲೆ ಬ್ರಷ್ ಹರಿದರೆ ಮಾಸ್ಕ್‌ನ ಆ ಜಾಗಕ್ಕೆ ಕಪ್ಪು ಬಳಿದು ತೆಗೆಯಿರಿ. ಚಿನ್ನ ಮಂಕಾದರೆ ತಿದ್ದಿದ್ದು ಅಲ್ಲೇ ಗೊತ್ತಾಗುತ್ತದೆ.

ದವಡೆಯ ಅಂಚಿಗೆ ಜಾಸ್ತಿ ಸಮಯ ಕೊಡಿ. ಇಲ್ಲಿ ನೆರಳಿನ ಮೇಲಂಚು ಚೂಪಾಗಿರಬೇಕು, ಕೆಳಗಂಚು ಕುತ್ತಿಗೆಯಲ್ಲಿ ಕರಗಿಹೋಗಬೇಕು. ಲ್ಯಾಸೋ ಟೂಲ್‌ನಿಂದ ಕಿವಿಯ ಕೆಳಗಿನಿಂದ ಗದ್ದದ ತುದಿಯವರೆಗೆ ದವಡೆಯ ಗೆರೆ ಹಿಡಿದು ಕುತ್ತಿಗೆಯ ಭಾಗ ಆಯ್ಕೆ ಮಾಡಿ. ಅದಕ್ಕೆ 3ರಿಂದ 5 ಪಿಕ್ಸೆಲ್ Feather ಕೊಡಿ. ಅದೇ ಕಪ್ಪಾಗಿಸುವ ಲೇಯರ್‌ನ ಮಾಸ್ಕ್‌ನಲ್ಲಿ, ದೊಡ್ಡ ಬ್ರಷ್‌ನ ಅಂಚು ಮಾತ್ರ ದವಡೆಗೆ ತಾಗುವಂತೆ ಬಳಿಯಿರಿ. ಬೆಳಕು ಎಡದಿಂದ ಬಂದಿದ್ದರೆ ಬಲಗಡೆಯ ನೆರಳು ಗಾಢವಾಗಿರಲಿ. ಎರಡೂ ಕಡೆ ಒಂದೇ ಸಮ ಬಳಿದರೆ ಮೂಗಿನ ನೆರಳಿಗೂ ಇದಕ್ಕೂ ತಾಳೆಯಾಗುವುದಿಲ್ಲ.

ಬಣ್ಣದ್ದು ಒಂದು ತೊಂದರೆ ಇದೆ. Curves ಇಳಿಸಿದಾಗ ನಮ್ಮ ಗೋಧಿ ಬಣ್ಣದ ಚರ್ಮ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಕೆಂಪು ರೇಷ್ಮೆ ಸೀರೆಯಾಗಿದ್ದರೆ ಅದರ ಬಣ್ಣವೂ ಗದ್ದದ ಕೆಳಗೆ ಬಿದ್ದಿರುತ್ತದೆ. ಮೇಲೆ ಒಂದು Hue/Saturation ಲೇಯರ್ ಸೇರಿಸಿ. ಕಪ್ಪಾಗಿಸಿದ ಲೇಯರ್‌ನ ಮಾಸ್ಕನ್ನು Alt ಒತ್ತಿಹಿಡಿದು ಇದರ ಮೇಲೆ ಎಳೆದು ನಕಲು ಮಾಡಿ. Saturation ಅನ್ನು −10ರ ಸುಮಾರಿಗೆ ಇಳಿಸಿ. ಕೆನ್ನೆಯ ಪಕ್ಕದ ಸಹಜ ನೆರಳಿನ ಬಣ್ಣಕ್ಕೆ ಹೋಲಿಸಿ ನೋಡಿಕೊಳ್ಳಿ. ಜಾಸ್ತಿ ಇಳಿಸಿದರೆ ಬೂದಿ ಬಣ್ಣ ಬರುತ್ತದೆ.

ಈಗ ಮುಖ ಹೆಬ್ಬೆರಳಿನ ಗಾತ್ರಕ್ಕೆ ಬರುವಷ್ಟು ಫೋಟೋವನ್ನು ಚಿಕ್ಕದು ಮಾಡಿ. ಮೊದಲು ಕಣ್ಣು ಕುತ್ತಿಗೆಗೆ ಹೋದರೆ ನೆರಳು ಜಾಸ್ತಿಯಾಗಿದೆ. ಕಪ್ಪಾಗಿಸಿದ ಲೇಯರ್‌ನ Opacity 60ರಿಂದ 70%ಗೆ ತನ್ನಿ. ಆಲ್ಬಮ್‌ಗೆ ಪ್ರಿಂಟ್ ಹಾಕಿಸುವುದಿದ್ದರೆ ಇನ್ನೂ ಸ್ವಲ್ಪ ಕಮ್ಮಿ ಇರಲಿ. ಸ್ಕ್ರೀನ್ ಮೇಲೆ ತಿಳಿಯಾಗಿ ಕಂಡ ನೆರಳು ಕಾಗದದ ಮೇಲೆ ಸಾಮಾನ್ಯವಾಗಿ ಗಾಢವಾಗುತ್ತದೆ.

ಈ ವಿಧಾನ ಎದುರಿನಿಂದ ಅಥವಾ ಮುಕ್ಕಾಲು ಮುಖ ಕಾಣುವಂತೆ ತೆಗೆದ ಫೋಟೋಗಳಿಗೆ ಮಾತ್ರ. ಪೂರ್ತಿ ಪಕ್ಕದಿಂದ ತೆಗೆದಿದ್ದರೆ ಉಬ್ಬು ಹಿನ್ನೆಲೆಯ ಎದುರು ಅಂಚಾಗಿ ಕಾಣುತ್ತದೆ. ಆ ಅಂಚನ್ನು ಯಾವ ನೆರಳೂ ಒಳಗೆ ತಳ್ಳುವುದಿಲ್ಲ. ಅದಕ್ಕೆ Liquify ಬೇಕು, ಅದು ಆಕಾರವನ್ನೇ ಬದಲಿಸುತ್ತದೆ. ಹಾಗೆ ಬದಲಿಸುವ ಮುನ್ನ ಮದುಮಗಳನ್ನೇ ಒಂದು ಮಾತು ಕೇಳಿ.