ಅಂಗಳದ ಮುಂದಿನ ಕೆಂಪು ಇಳಿಜಾರಿಗೆ ನಾರಿನ ಬಲೆ ಹಾಸುವುದು ಹೇಗೆ?

ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಗುಡ್ಡದ ಬದಿಯಲ್ಲಿ ಮನೆ ಕಟ್ಟುವಾಗ ಮೊದಲ ಕೆಲಸ ಜೆಸಿಬಿಯದ್ದು. ಹಿಂದಿನ ದರೆ ಕಡಿದು, ಆ ಮಣ್ಣನ್ನು ಮುಂದಕ್ಕೆ ದೂಡಿದರೆ ಅಂಗಳ ಆಯಿತು. ಹಿಂದಿನ ದರೆ ಜರಿದೀತು ಅಂತ ಎಲ್ಲರಿಗೂ ಹೆದರಿಕೆ ಇರುತ್ತದೆ. ಮುಂದಿನ ತುಂಬು ಮಣ್ಣಿನ ಇಳಿಜಾರನ್ನು ಮಾತ್ರ ಯಾರೂ ಅಷ್ಟಾಗಿ ನೋಡುವುದಿಲ್ಲ. ಜೂನ್ ಬಂದಾಗ ಅದೇ ಮಣ್ಣು ಕೆಳಗಿನವರ ಅಡಿಕೆ ತೋಟಕ್ಕೆ ಇಳಿದು ಕಣಿ ಮುಚ್ಚುತ್ತದೆ. ಕಣಿ ಮುಚ್ಚಿದರೆ ಅಡಿಕೆಯ ಬುಡದಲ್ಲಿ ನೀರು ನಿಲ್ಲುತ್ತದೆ.

ಹುಲ್ಲು ಬೆಳೆದರೆ ಮಣ್ಣು ನಿಲ್ಲುತ್ತದೆ, ಸರಿ. ಆದರೆ ಹುಲ್ಲು ಬೇರು ಬಿಡುವ ಮೊದಲೇ ಮಳೆ ಬೀಜವನ್ನೂ ಮಣ್ಣನ್ನೂ ಒಟ್ಟಿಗೆ ಕೊಂಡುಹೋಗುತ್ತದೆ, ಅಲ್ವಾ? ಆ ನಡುವಿನ ಸಮಯಕ್ಕೆ ಬೇಕಾದದ್ದು ನಾರಿನ ಬಲೆ. ಇಳಿಜಾರಿಗೆ ಅಡ್ಡಲಾಗಿ ಬರುವ ಅದರ ಪ್ರತಿ ಎಳೆಯೂ ಒಂದು ಪುಟ್ಟ ಬದುವಿನಂತೆ ನೀರಿನ ಓಟ ತಗ್ಗಿಸಿ, ಮಣ್ಣನ್ನು ಅಲ್ಲೇ ಹಿಡಿಯುತ್ತದೆ.

ತೆಂಗಿನ ನಾರೋ, ಸೆಣಬೋ?

ಎರಡೂ ಬಲೆ ಸಿಗುತ್ತದೆ. ಸೆಣಬಿನದು ಮೆತ್ತಗೆ. ಮಣ್ಣಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ, ನೀರನ್ನೂ ಜಾಸ್ತಿ ಹೀರುತ್ತದೆ. ಆದರೆ ನಮ್ಮ ಮಳೆಗೆ ಒಂದು ವರ್ಷದೊಳಗೇ ಅದರ ಬಲ ಹೋಗಿಬಿಡುತ್ತದೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಶೇ 40ಕ್ಕಿಂತ ಹೆಚ್ಚು. ಸೆಣಬಿನಲ್ಲಿ ಅದು ಶೇ 12ರ ಆಸುಪಾಸು. ಹಾಗಾಗಿ ತೆಂಗಿನ ನಾರು ಎರಡು-ಮೂರು ವರ್ಷ ಬಾಳುತ್ತದೆ.

ಕಾಸರಗೋಡಿನಲ್ಲಿ ಈ ವ್ಯತ್ಯಾಸ ದೊಡ್ಡದು. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತುಲಾ ಮಳೆ ಮುಗಿದ ಮೇಲೆ ಮೇ ತನಕ ಒಣ ಬಿಸಿಲು. ಮೊದಲ ಮಳೆಗಾಲದಲ್ಲಿ ಹಸಿರಾದ ಹುಲ್ಲು ಆ ಬೇಸಗೆಗೆ ಅಲ್ಲಲ್ಲಿ ಸಾಯುತ್ತದೆ. ಎರಡನೇ ಜೂನ್ ಬರುವಾಗ ಸೆಣಬು ಕೊಳೆತಿರುತ್ತದೆ, ಮಣ್ಣು ಮತ್ತೆ ಬರಿದು. ಅದಕ್ಕೇ ಮನೆಯ ಮುಂದಿನ ಇಳಿಜಾರಿಗೆ ನಾನು ತೆಂಗಿನ ನಾರನ್ನೇ ಹೇಳುತ್ತೇನೆ. ಗಿಡ್ಡ ಬದು, ತೀರಾ ಕಮ್ಮಿ ಇಳಿಜಾರು, ಬೇಗ ಗರಿಕೆ ಹಬ್ಬುವ ಜಾಗವಾದರೆ ಸೆಣಬು ಸಾಕು.

ಅಂಗಡಿಯಲ್ಲಿ ‘ಕಯರ್ ಭೂವಸ್ತ್ರ’ ಅಂತ ಕೇಳಿ. 400, 700, 900 ಎಂಬ ಲೆಕ್ಕ ಒಂದು ಚದರ ಮೀಟರ್ ಬಲೆಯ ತೂಕ, ಗ್ರಾಂನಲ್ಲಿ. ತೂಕ ಹೆಚ್ಚಿದಷ್ಟೂ ಕಣ್ಣು ಚಿಕ್ಕದು, ಗಿಡ ನೆಡುವುದು ಕಷ್ಟ. ತುಂಬು ಮಣ್ಣಿಗೆ 700 ಒಳ್ಳೆಯದು.

ಒಂದು ಲೆಕ್ಕ

ಅಂಗಳದ ಅಂಚು 12 ಮೀಟರ್ ಉದ್ದ, ಇಳಿಜಾರಿನ ಮೇಲೆ ಟೇಪು ಹಿಡಿದರೆ ಮೇಲಿಂದ ಕೆಳಗೆ 5 ಮೀಟರ್ ಅಂದುಕೊಳ್ಳಿ. ಅಂದರೆ 60 ಚದರ ಮೀಟರ್. ಆದರೆ 60 ಚದರ ಮೀಟರ್ ಬಲೆ ತಂದರೆ ಸಾಲದು. ಮೇಲೆ ಅಂಚು ದಾಟಿ ಚರಂಡಿಯಲ್ಲಿ ಹೂಳಲು ಒಂದೂವರೆ ಮೀಟರ್, ಕೆಳಗೆ ಮಡಚಲು ಅರ್ಧ ಮೀಟರ್ ಬೇಕು. ಒಂದೊಂದು ಪಟ್ಟಿ 7 ಮೀಟರ್ ಆಯಿತು. ಬಲೆ 2 ಮೀಟರ್ ಅಗಲದ್ದಾದರೆ, ಪಕ್ಕದ ಪಟ್ಟಿಯ ಮೇಲೆ 15 ಸೆಂ.ಮೀ. ಬರಬೇಕಾದ್ದರಿಂದ 7 ಪಟ್ಟಿ ಬೇಕು. ಒಟ್ಟು 49 ಮೀಟರ್ ಉದ್ದ, 98 ಚದರ ಮೀಟರ್. 50 ಮೀಟರಿನ ಒಂದು ಸುರುಳಿ ಸರಿಯಾಗುತ್ತದೆ. ಗೂಟ ಸುಮಾರು 250 ಬೇಕು.

ಹಾಸುವ ಮೊದಲು

ಈ ಕೆಲಸ ಮೇ ತಿಂಗಳ ಕೊನೆಗೆ, ಒಂದೆರಡು ಮಳೆ ಬಿದ್ದು ಮಣ್ಣು ಸ್ವಲ್ಪ ಹದವಾದ ಮೇಲೆ ಮಾಡಬೇಕು. ಇಳಿಜಾರನ್ನು ಒಂದು ಮೀಟರ್ ಎತ್ತರಕ್ಕೆ ಕನಿಷ್ಠ ಒಂದೂವರೆ ಮೀಟರ್ ಅಡ್ಡ ಬರುವಂತೆ ಕೆತ್ತಿಸಿ, ಮಣ್ಣನ್ನು ಗುದ್ದಿ ಗಟ್ಟಿ ಮಾಡಿ. ಅಷ್ಟು ಜಾಗವೇ ಇಲ್ಲದಿದ್ದರೆ ಕೆಳಗೆ ಕಲ್ಲು ಕಟ್ಟಬೇಕು, ಬಲೆಯೊಂದರಿಂದ ಆಗುವುದಿಲ್ಲ.

ಆಮೇಲೆ ಮುರಕಲ್ಲಿನ ತುಂಡು, ಬೇರು, ಹೆಂಟೆ ಎಲ್ಲ ತೆಗೆಯಿರಿ. ನೀರು ಕೊರೆದ ಗೀರುಗಳನ್ನು ತುಂಬಿಸಿ. ಇದರಲ್ಲಿ ಅವಸರ ಬೇಡ. ಬಲೆ ಎಲ್ಲೆಲ್ಲೂ ಮಣ್ಣಿಗೆ ತಾಗಿರಬೇಕು. ಒಂದು ಕಲ್ಲಿನಿಂದ ಬಲೆ ಎದ್ದು ನಿಂತರೆ ನೀರು ಅದರ ಅಡಿಯಿಂದ ಓಡುತ್ತದೆ. ಮೇಲಿಂದ ನೋಡಿದರೆ ಎಲ್ಲ ಸರಿ ಕಾಣುತ್ತದೆ, ಒಳಗೆ ಕೊರೆತ ನಡೆಯುತ್ತಲೇ ಇರುತ್ತದೆ.

ಒಳಗಿನಿಂದ ಬಂದ ಕೆಂಪು ಮಣ್ಣಿನಲ್ಲಿ ಸಾರ ಇರುವುದಿಲ್ಲ. ಮೇಲ್ಮಣ್ಣಿಗೆ ಪುಡಿ ಸೆಗಣಿ ಗೊಬ್ಬರ, ಸ್ವಲ್ಪ ಸುಣ್ಣ ಬೆರೆಸಿ ತೆಳುವಾಗಿ ಹರಡಿ. ಹುಲ್ಲಿನ ಬೀಜದಲ್ಲಿ ಅರ್ಧ ಈಗ, ಅರ್ಧ ಬಲೆ ಹಾಸಿದ ಮೇಲೆ.

ಹಾಸುವುದು

ಅಂಗಳದ ಅಂಚಿನಿಂದ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಒಳಗೆ, 30 ಸೆಂ.ಮೀ. ಆಳ, ಅಷ್ಟೇ ಅಗಲದ ಚರಂಡಿ ತೋಡಿ. ಬಲೆಯ ತುದಿಯನ್ನು ಅದರೊಳಗೆ ಇಳಿಸಿ, ಅರ್ಧ ಮೀಟರಿಗೊಂದು ಗೂಟ ಹೊಡೆದು, ಮಣ್ಣು ತುಂಬಿಸಿ ಗುದ್ದಿ. ಅದರ ಹಿಂದೆ ಒಂದು ಗಿಡ್ಡ ಬದು ಹಾಕಿ. ಅಂಗಳದ ನೀರು, ಮಾಡಿನ ನೀರು ಒಂದು ಹನಿಯೂ ಇಳಿಜಾರಿಗೆ ಬೀಳಬಾರದು. ಅದನ್ನು ಪೈಪಿನಲ್ಲಿ ಬದಿಗೆ ಒಯ್ಯಿರಿ.

ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಬಿಚ್ಚಿ, ಅಡ್ಡಕ್ಕಲ್ಲ. ಎಳೆದು ಬಿಗಿ ಮಾಡಬೇಡಿ. ಬಿಗಿಯಾದ ಬಲೆ ತಗ್ಗಿನ ಮೇಲೆ ತೇಲುತ್ತದೆ. ಉದ್ದಕ್ಕೆ ಜೋಡಿಸಬೇಕಾಗಿ ಬಂದರೆ ಮೇಲಿನ ತುಂಡು ಕೆಳಗಿನದರ ಮೇಲೆ 30 ಸೆಂ.ಮೀ. ಬರಲಿ, ಹೆಂಚು ಹೊದೆಸಿದ ಕ್ರಮ. ಗೂಟ ಚೆನ್ನಾಗಿ ಬಲಿತ ಬಿದಿರಿನದ್ದು, 30 ಸೆಂ.ಮೀ. ಉದ್ದ, ತಲೆಯಲ್ಲಿ ಎಳೆ ಸಿಕ್ಕಿಕೊಳ್ಳುವಂತೆ ಕಚ್ಚು. ಚದರ ಮೀಟರಿಗೆ ಎರಡು, ಪಟ್ಟಿ ಸೇರುವಲ್ಲಿ ಅರ್ಧ ಮೀಟರಿಗೊಂದು. ಹೊಡೆದು ಮುಗಿದ ಮೇಲೆ ಬಲೆಯ ಅಡಿಗೆ ಮುಷ್ಟಿ ತೂರಿಸಿ ನೋಡಿ. ಮುಷ್ಟಿ ಹೋಗುವಲ್ಲಿ ಇನ್ನೊಂದು ಗೂಟ ಬೇಕು.

ಮತ್ತೆ ಲಾವಂಚ. ಮೊನಚು ಸಲಾಕೆಯಿಂದ ಎಳೆಗಳನ್ನು ಸರಿಸಿ ನೆಡಿ, ಕತ್ತರಿಸಬೇಡಿ. ಇಳಿಜಾರಿಗೆ ಅಡ್ಡಲಾಗಿ, ಮೀಟರಿಗೊಂದು ಸಾಲು, ಸಾಲಿನಲ್ಲಿ 15 ಸೆಂ.ಮೀ. ಅಂತರ. ನಮ್ಮ ಲೆಕ್ಕಕ್ಕೆ 5 ಸಾಲು, ಸುಮಾರು 400 ಬುಡ. ರಬ್ಬರ್ ತೋಟದ ಪ್ಯುರೇರಿಯಾ ಬಳ್ಳಿ ಬೇಗ ಹಬ್ಬುತ್ತದೆ ಅಂತ ಕೆಲವರು ಬಿಡುತ್ತಾರೆ. ಲಾವಂಚಕ್ಕೆ ಬಿಸಿಲು ಬೇಕು, ಬಳ್ಳಿ ಅದನ್ನು ಮುಚ್ಚಿ ಕೊಲ್ಲುತ್ತದೆ.

ಮಳೆ ಬಂದ ಮೇಲೆ

ಮೊದಲ ಜೋರು ಮಳೆಗೆ ಬುಡದಲ್ಲಿ ಬರುವ ನೀರನ್ನು ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಇಡಿ. ನಾರಿನ ಬಣ್ಣದಿಂದ ನೀರು ಕಂದಾಗಿರುತ್ತದೆ, ಅದಕ್ಕೆ ಹೆದರಬೇಡಿ. ತಳದಲ್ಲಿ ಕೆಂಪು ಮಣ್ಣು ದಪ್ಪಗೆ ಕೂತಿದ್ದರೆ ಬಲೆಯ ಅಡಿಯಲ್ಲಿ ನೀರು ಓಡುತ್ತಿದೆ ಅಂತ ಅರ್ಥ. ಆ ಜಾಗ ಹುಡುಕಿ, ಬಲೆ ಎತ್ತಿ, ಮಣ್ಣು ತುಂಬಿಸಿ, ಮತ್ತೆ ಗೂಟ ಹೊಡೆಯಿರಿ.

ಅಂಗಳದ ಅಂಚಿಗೆ ಸಮನಾಗಿ ಉದ್ದ ಬಿರುಕು ಕಂಡರೆ, ಬುಡ ಉಬ್ಬಿದರೆ, ಹೊಸ ಒಸರು ಎದ್ದರೆ ಅದು ಬೇರೆಯೇ ವಿಷಯ. ಮುರಕಲ್ಲಿನ ಅಡಿಯ ಬಿಳಿ ಶೇಡಿ ಮಣ್ಣು ತುಂಬಿನಲ್ಲಿ ಸೇರಿದ್ದರೆ ಹೀಗಾಗುವುದು ಹೆಚ್ಚು. ನೀರು ಕುಡಿದ ಶೇಡಿಗೆ ಬಲವೇ ಇಲ್ಲ. ಹೆದ್ದಾರಿಗಾಗಿ ಕಡಿದ ಚೆರುವತ್ತೂರಿನ ವೀರಮಲೆ ಗುಡ್ಡ 2025ರ ಮಳೆಗಾಲದಲ್ಲಿ ಜರಿದಂಥ ಕುಸಿತವನ್ನು ಯಾವ ಬಲೆಯೂ ತಡೆಯದು. ಬಲೆ ಹಿಡಿಯುವುದು ಮೇಲಿನ ಪದರವನ್ನು ಮಾತ್ರ. ಬಿರುಕು ಕಂಡ ದಿನವೇ ಇಳಿಜಾರಿನ ಕೆಳಗಿರುವವರಿಗೆ ತಿಳಿಸಿ, ಪಂಚಾಯತಿಗೂ ಹೇಳಿ.

ಬೇಸಗೆಯಲ್ಲಿ ಲಾವಂಚದ ಸಾಲಿಗೆ ವಾರಕ್ಕೊಮ್ಮೆಯಾದರೂ ನೀರು ಕೊಡಿ. ಏಪ್ರಿಲ್‌ನಲ್ಲಿ ಸತ್ತ ಬುಡಗಳನ್ನು ಗುರುತು ಮಾಡಿ, ಮೇ ಕೊನೆಗೆ ಅಲ್ಲೇ ಹೊಸತು ನೆಡಿ. ಬಲೆ ಹಳತಾಗಿ ಹರಿದಂತೆ ಕಂಡರೂ ಕೀಳಬೇಡಿ, ಅದು ಅಲ್ಲೇ ಮಣ್ಣಾಗಲಿ. ಬರಿದಾಗಿ ಉಳಿದ ಜಾಗಕ್ಕೆ ಸುರುಳಿಯಲ್ಲಿ ಮಿಕ್ಕ ತುಂಡನ್ನು ಮೇಲಿಂದ ಹಾಸಿ ಗೂಟ ಹೊಡೆದರಾಯಿತು.