ಎಂಜಿನ್‌ ಬಿಸಿಯಿಂದ ತಣ್ಣೀರು: ಕೂಲಿಂಗ್ ಟವರ್ ಕಲಿಸಿದ ಲೆಕ್ಕ

ಬೆಂಗಳೂರಿನ ಹೊರವಲಯದ ಔಷಧ ಕಾರ್ಖಾನೆಯೊಂದರಲ್ಲಿ ನಾನು ಯುಟಿಲಿಟಿ ವಿಭಾಗವನ್ನು ನೋಡಿಕೊಳ್ಳುತ್ತೇನೆ. ದಾಭೋಲ್–ಬೆಂಗಳೂರು ಕೊಳವೆಮಾರ್ಗದಲ್ಲಿ 2013ರಿಂದ ನೈಸರ್ಗಿಕ ಅನಿಲ ಹರಿಯತೊಡಗಿದ ಮೇಲೆ, ಕೆಲವು ವರ್ಷಗಳಲ್ಲಿ ನಮ್ಮಲ್ಲಿಯೂ 1 ಮೆಗಾವ್ಯಾಟ್‌ನ ಗ್ಯಾಸ್ ಎಂಜಿನ್ ಬಂದಿತು. ಅದರ ಸಿಲಿಂಡರುಗಳ ಸುತ್ತ ಹರಿದು ಬರುವ ಜಾಕೆಟ್ ನೀರು 90 ಡಿಗ್ರಿಯಲ್ಲಿ ಹೊರಬಂದು, ರೇಡಿಯೇಟರಿನ ಫ್ಯಾನುಗಳ ಮುಂದೆ ತನ್ನ ಬಿಸಿಯನ್ನೆಲ್ಲ ಗಾಳಿಗೆ ಚೆಲ್ಲಿ, 82 ಡಿಗ್ರಿಗೆ ಇಳಿದು ಎಂಜಿನ್ನಿಗೆ ಮರಳುತ್ತಿತ್ತು. ಹೀಗೆ ಚೆಲ್ಲಿಹೋಗುತ್ತಿದ್ದ ಶಾಖ ಸುಮಾರು 500 ಕಿಲೋವ್ಯಾಟ್. ಅದೇ ಹೊತ್ತಿಗೆ, ಪಕ್ಕದ ಕೋಣೆಯಲ್ಲಿ 100 ಟನ್ನಿನ ವಿದ್ಯುತ್ ಚಿಲ್ಲರೊಂದು ಸುಮಾರು 70 ಕಿಲೋವ್ಯಾಟ್ ವಿದ್ಯುತ್ತನ್ನು ನುಂಗುತ್ತ 7 ಡಿಗ್ರಿಯ ನೀರನ್ನು ತಯಾರಿಸುತ್ತಿತ್ತು. ಈ ಎರಡನ್ನೂ ಜೋಡಿಸಬೇಕೆಂದು ನಾವು ಲಿಥಿಯಂ ಬ್ರೋಮೈಡ್ ಅಬ್ಸಾರ್ಪ್ಷನ್ ಚಿಲ್ಲರನ್ನು ಆರಿಸಿಕೊಂಡೆವು.

ಈ ಯಂತ್ರದಲ್ಲಿ ಕಂಪ್ರೆಸರ್ ಇಲ್ಲ. ಹೆಚ್ಚುಕಡಿಮೆ ನಿರ್ವಾತವಾಗಿರುವ ತೊಟ್ಟಿಯಲ್ಲಿ ನೀರು 5 ಡಿಗ್ರಿಯಲ್ಲಿಯೇ ಆವಿಯಾಗಿ, ಕೊಳವೆಯೊಳಗಿನ ನೀರನ್ನು ತಂಪು ಮಾಡುತ್ತದೆ. ಆ ಆವಿಯನ್ನು ಗಟ್ಟಿ ಲಿಥಿಯಂ ಬ್ರೋಮೈಡ್ ದ್ರಾವಣ ಅಬ್ಸಾರ್ಬರಿನಲ್ಲಿ ಹೀರಿಕೊಳ್ಳುತ್ತದೆ. ಹೀರಿ ತೆಳುವಾದ ದ್ರಾವಣವನ್ನು ಎಂಜಿನ್ನಿನ ಬಿಸಿನೀರು ಕುದಿಸಿ ಮತ್ತೆ ಗಟ್ಟಿ ಮಾಡುತ್ತದೆ. ಕುದಿದು ಬಂದ ಆವಿ ಕಂಡೆನ್ಸರಿನಲ್ಲಿ ನೀರಾಗಿ ಮರಳುತ್ತದೆ. ಗಮನಿಸಬೇಕಾದದ್ದು ಇಷ್ಟು: ತಂಪಾಗಬೇಕಾದ ನೀರಿನಿಂದ ಎತ್ತಿದ ಶಾಖವೂ, ಕುದಿಸಲು ಕೊಟ್ಟ ಶಾಖವೂ, ಎರಡೂ ಕೊನೆಗೆ ಅಬ್ಸಾರ್ಬರ್ ಮತ್ತು ಕಂಡೆನ್ಸರಿನ ಮೂಲಕ, ನೀರಿನ ಒಂದು ಪಾಲನ್ನು ಆವಿ ಮಾಡಿ ಉಳಿದದ್ದನ್ನು ತಣಿಸುವ ಕೂಲಿಂಗ್ ಟವರಿನ ನೀರಿಗೇ ಬಂದು ಸೇರುತ್ತವೆ.

90 ಡಿಗ್ರಿಯ ನೀರಿನಲ್ಲಿ ಓಡುವ ಏಕಹಂತದ ಯಂತ್ರದ ಸಿಒಪಿ, ಅಂದರೆ ಕೊಟ್ಟ ಶಾಖಕ್ಕೋ ವಿದ್ಯುತ್ತಿಗೋ ಎಷ್ಟು ಪಟ್ಟು ತಂಪು ಸಿಗುತ್ತದೆಂಬ ಅನುಪಾತ, ಸುಮಾರು 0.7. ವಿದ್ಯುತ್ ಚಿಲ್ಲರಿನ 5ರ ಮುಂದೆ ಇದನ್ನಿಟ್ಟು ನಮ್ಮ ಹಣಕಾಸು ವಿಭಾಗದವರು, ಇಷ್ಟು ಕಡಿಮೆ ದಕ್ಷತೆಯ ಯಂತ್ರ ಏಕೆ ಎಂದು ಕೇಳಿದರು. ಬಿಸಿಗೆ ನಾವು ಹಣ ಕೊಡುತ್ತಿಲ್ಲ, ಆದ್ದರಿಂದ ಈ ಎರಡು ಅಂಕಿಗಳನ್ನು ನೇರವಾಗಿ ಹೋಲಿಸಲಾಗದು ಎಂದು ನಾನು ಉತ್ತರಿಸಿದೆ. ಉತ್ತರ ಸರಿಯಾಗಿಯೇ ಇತ್ತು. ಆದರೆ ಅದೇ 0.7 ಟವರಿನ ಮೇಲೆ ಏನು ಹೊರಿಸುತ್ತದೆಂಬುದನ್ನು ನಾನು ಆಗ ಬೇಕಾದಷ್ಟು ಯೋಚಿಸಿರಲಿಲ್ಲ. ಟವರಿಗೆ ಹೋಗುವ ಶಾಖ Qrej, ಸಿಗುವ ತಂಪು Qc ಎಂದಿಟ್ಟುಕೊಂಡರೆ ಲೆಕ್ಕ ಒಂದೇ ಸಾಲಿನದು:

```
Qrej = Qc × (1 + 1/COP)
```

100 ಟನ್ ಎಂದರೆ 350 ಕಿಲೋವ್ಯಾಟ್ ತಂಪು. ವಿದ್ಯುತ್ ಚಿಲ್ಲರಾದರೆ ಟವರಿಗೆ ಹೋಗುವುದು 350 ಮತ್ತು 70, ಒಟ್ಟು 420 ಕಿಲೋವ್ಯಾಟ್. ಅಬ್ಸಾರ್ಪ್ಷನ್ ಚಿಲ್ಲರಾದರೆ 350 ಮತ್ತು 500, ಒಟ್ಟು 850 ಕಿಲೋವ್ಯಾಟ್. ತಂಪು ಅಷ್ಟೇ, ಟವರಿನ ಹೊರೆ ಎರಡು ಪಟ್ಟು.

ನಾನು ಎಡವಿದ್ದು ಇಲ್ಲಿ. ನಮ್ಮ ಹಳೆಯ ಕೂಲಿಂಗ್ ಟವರಿನ ಫಲಕದ ಮೇಲೆ 150 ಟನ್ ಎಂದಿತ್ತು. 100 ಟನ್ನಿನ ಯಂತ್ರಕ್ಕೆ 150 ಟನ್ನಿನ ಟವರ್ ಇದ್ದರೆ ಹೇಗೋ ಸಾಗುತ್ತದೆಂದು ಅದನ್ನೇ ಉಳಿಸಿಕೊಂಡೆವು. ಟವರಿನ ಟನ್ನೇ ಬೇರೆ, ಚಿಲ್ಲರಿನ ಟನ್ನೇ ಬೇರೆ. ಚಿಲ್ಲರಿನ ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್. ಕಂಪ್ರೆಸರಿನ ಶಾಖವೂ ಜೊತೆಗೆ ಬರುತ್ತದೆಂದು ಕಾಲುಭಾಗ ಸೇರಿಸಿ, ಟವರಿನ ಒಂದು ಟನ್ನನ್ನು ಸುಮಾರು 4.4 ಕಿಲೋವ್ಯಾಟ್ ಎಂದು ಎಣಿಸುವ ರೂಢಿಯಿದೆ. ಆ ರೂಢಿ ಹುಟ್ಟಿದ್ದು ವಿದ್ಯುತ್ ಚಿಲ್ಲರಿಗಾಗಿ. ಅಬ್ಸಾರ್ಪ್ಷನ್ ಯಂತ್ರದಲ್ಲಿ ಸೇರಬೇಕಾದದ್ದು ಕಾಲುಭಾಗವಲ್ಲ, ಒಂದೂವರೆ ಪಟ್ಟಿಗೂ ಸ್ವಲ್ಪ ಕಡಿಮೆಯಷ್ಟು. 150 ಟನ್ನಿನ ಟವರ್ ಹೊರಹಾಕಬಲ್ಲದ್ದು 660 ಕಿಲೋವ್ಯಾಟ್. ನಮಗೆ ಬೇಕಾಗಿದ್ದದ್ದು 850.

ಯಂತ್ರ ಚಾಲೂ ಆದದ್ದು ಜನವರಿಯಲ್ಲಿ. ಚಳಿಗಾಲದಲ್ಲಿ ಎಲ್ಲವೂ ಸುಗಮವಾಗಿತ್ತು. ಏಪ್ರಿಲ್‌ ಎರಡನೆಯ ವಾರದ ಒಂದು ಮಧ್ಯಾಹ್ನ ಪಾಳಿಯ ಆಪರೇಟರ್ ಫೋನ್ ಮಾಡಿ, "ಸರ್, ಎಂಜಿನ್ ರೇಡಿಯೇಟರ್ ಫ್ಯಾನ್ ತಾನೇ ಶುರುವಾಗಿದೆ, ಚಿಲ್ಲರ್ ಓಡ್ತಾನೇ ಇದೆ" ಎಂದರು. ರೇಡಿಯೇಟರನ್ನು ನಾವು ಕಿತ್ತುಹಾಕಿರಲಿಲ್ಲ; ಚಿಲ್ಲರ್ ಬಿಸಿಯನ್ನು ತೆಗೆದುಕೊಳ್ಳದಿದ್ದಾಗ ಎಂಜಿನ್ ಕಾಯಬಾರದೆಂದು ಅದನ್ನು ಸರಣಿಯಲ್ಲಿಯೇ ಬಿಟ್ಟು, ಮರಳುವ ನೀರು 84 ಡಿಗ್ರಿ ದಾಟಿದರೆ ಫ್ಯಾನ್ ಓಡುವಂತೆ ಹೊಂದಿಸಿದ್ದೆವು. ಆ ಫ್ಯಾನ್ ತಿರುಗಿತೆಂದರೆ ಚಿಲ್ಲರ್ ತನ್ನ ಪಾಲಿನ ಶಾಖವನ್ನು ಕುಡಿಯುತ್ತಿಲ್ಲವೆಂದೇ ಅರ್ಥ. ಇಂಥ ಸ್ಥಾವರದಲ್ಲಿ ಇದಕ್ಕಿಂತ ಒಳ್ಳೆಯ ಎಚ್ಚರಿಕೆಯ ಗುರುತನ್ನು ನಾನು ಇದುವರೆಗೆ ಕಂಡಿಲ್ಲ.

ನಾನು ಹೋಗಿ ನೋಡಿದಾಗ ತಣ್ಣೀರು 7ರ ಬದಲು 9.5 ಡಿಗ್ರಿಯಲ್ಲಿ ಹೊರಡುತ್ತಿತ್ತು. ಟವರಿನಿಂದ ಚಿಲ್ಲರಿಗೆ ಬರುವ ನೀರು ವಿನ್ಯಾಸದಲ್ಲಿ 29 ಡಿಗ್ರಿ ಇರಬೇಕಾಗಿದ್ದದ್ದು 33 ತೋರಿಸುತ್ತಿತ್ತು. ಯಾವುದೋ ಒಂದು ಅಂಕಿಯನ್ನು ನಂಬಿ ತೀರ್ಮಾನಿಸಬಾರದೆಂದು ಮೂರೂ ನೀರಿನ ಹರಿವನ್ನೂ ಆರು ಉಷ್ಣಾಂಶಗಳನ್ನೂ ಒಟ್ಟಿಗೆ ಬರೆದುಕೊಂಡೆವು. ತಣ್ಣೀರಿನ ಹರಿವು ಗಂಟೆಗೆ 60 ಘನಮೀಟರ್, ಇಳಿದದ್ದು 3.8 ಡಿಗ್ರಿ; ಅಂದರೆ 265 ಕಿಲೋವ್ಯಾಟ್, 75 ಟನ್ನಷ್ಟು. ಬಿಸಿನೀರು 54 ಘನಮೀಟರ್, ಇಳಿದದ್ದು 6.4 ಡಿಗ್ರಿ, ಸುಮಾರು 400 ಕಿಲೋವ್ಯಾಟ್. ಎರಡೂ ಕೂಡಿದರೆ 665. ಟವರಿನ ನೀರು 110 ಘನಮೀಟರ್, ಏರಿದ್ದು 5.3 ಡಿಗ್ರಿ, ಸುಮಾರು 677 ಕಿಲೋವ್ಯಾಟ್. ಎರಡು ಬದಿಯ ಲೆಕ್ಕ ಶೇಕಡ 2ರೊಳಗೆ ಕೂಡಿಬಂದದ್ದರಿಂದ ಮೀಟರುಗಳು ಸುಳ್ಳು ಹೇಳುತ್ತಿಲ್ಲವೆಂದು ಖಚಿತವಾಯಿತು. ಟವರ್ ತನ್ನ 660ರ ಮಿತಿಯನ್ನು ಮುಟ್ಟಿ ನಿಂತಿತ್ತು. ಚಿಲ್ಲರ್ ಆ ಮಿತಿಗೆ ತಕ್ಕಂತೆ ತನ್ನನ್ನು ತಾನೇ ಕುಗ್ಗಿಸಿಕೊಂಡಿತ್ತು.

ಆ ದಿನದ ಸಿಒಪಿ ಲೆಕ್ಕ ಹಾಕಿದರೆ 0.66. ವಿನ್ಯಾಸದ 0.7ಕ್ಕಿಂತ ಬಹಳ ಕಡಿಮೆಯೇನಲ್ಲ. ಸಾಮರ್ಥ್ಯ ಮಾತ್ರ ಕಾಲುಭಾಗ ಹೋಗಿತ್ತು. ಇದನ್ನು ಒತ್ತಿ ಹೇಳಬೇಕೆನಿಸುತ್ತದೆ, ಏಕೆಂದರೆ ಸಿಒಪಿಯ ಮೇಲೆ ಮಾತ್ರ ಕಣ್ಣಿಟ್ಟವರಿಗೆ ಈ ಕಾಯಿಲೆ ಕಾಣಿಸುವುದೇ ಇಲ್ಲ. ಟವರಿನ ನೀರು ಬಿಸಿಯಾದಾಗ ಅಬ್ಸಾರ್ಬರಿನಲ್ಲಿರುವ ದ್ರಾವಣವೂ ಬಿಸಿಯಾಗಿ ಆವಿಯನ್ನು ಎಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಕಂಡೆನ್ಸರಿನ ಒತ್ತಡ ಏರಿ, 90 ಡಿಗ್ರಿಯ ನೀರಿಗೆ ದ್ರಾವಣವನ್ನು ಮೊದಲಿನಷ್ಟು ಗಟ್ಟಿ ಮಾಡಲಾಗುವುದಿಲ್ಲ. ಹೀಗೆ ಎರಡು ಕಡೆಯಿಂದಲೂ ತಂಪು ಕುಗ್ಗುತ್ತದೆ. ಆದರೆ ಕಡಿಮೆ ತಂಪಿಗೆ ಕಡಿಮೆ ಶಾಖವನ್ನೇ ತೆಗೆದುಕೊಳ್ಳುವುದರಿಂದ ಎರಡರ ಅನುಪಾತ ಹೆಚ್ಚು ಬದಲಾಗುವುದಿಲ್ಲ.

ಹಳೆಯ ಟವರಿನಲ್ಲಿ ನೀರನ್ನು ತೆಳುವಾಗಿ ಹರಡುವ ಫಿಲ್‌ ಹಾಳೆಗಳ ಮೇಲೆ ಕೊಳವೆಬಾವಿಯ ಗಡಸು ನೀರಿನ ಸುಣ್ಣ ಕಟ್ಟಿಕೊಂಡಿತ್ತು. ಮೊದಲು ಅದನ್ನು ಬದಲಿಸಿ, ಆಮೇಲೆ 100 ಟನ್ನಿನ ಇನ್ನೊಂದು ಸೆಲ್ಲನ್ನು ಸಮಾನಾಂತರವಾಗಿ ಸೇರಿಸಿ, ಗಂಟೆಗೆ 133 ಘನಮೀಟರ್ ಹರಿಸುವ ಪಂಪನ್ನು ಹಾಕಿದೆವು. ಲೆಕ್ಕದ ಪ್ರಕಾರ 193 ಟನ್ನಿನ ಟವರ್ ಸಾಕಾಗುತ್ತಿತ್ತು. ಬೇಸಿಗೆಯ ತೇವದ ದಿನಗಳಲ್ಲಿಯೂ 29 ಡಿಗ್ರಿ ಸಿಗಬೇಕೆಂದು ಬೇಕೆಂದೇ ಹೆಚ್ಚು ಇಟ್ಟೆವು. ಮುಂದಿನ ಏಪ್ರಿಲ್‌ನಲ್ಲಿ ಯಂತ್ರ 98 ಟನ್ ಕೊಟ್ಟಿತು, ರೇಡಿಯೇಟರಿನ ಫ್ಯಾನ್ ತಿರುಗಲಿಲ್ಲ.

ಆದರೆ ಉಳಿತಾಯದ ಲೆಕ್ಕವನ್ನು ಹೊಸದಾಗಿ ಬರೆಯಬೇಕಾಯಿತು. ನಿಂತದ್ದು 70 ಕಿಲೋವ್ಯಾಟ್‌ನ ಕಂಪ್ರೆಸರ್. ಸೇರಿದ್ದು ಚಿಲ್ಲರಿನ ಒಳಪಂಪುಗಳಿಗೆ 4, ಬಿಸಿನೀರಿನ ಪಂಪಿಗೆ 3, ದೊಡ್ಡ ಟವರ್ ಪಂಪು ಮತ್ತು ಫ್ಯಾನಿಗೆ ಹೆಚ್ಚುವರಿ 10 ಕಿಲೋವ್ಯಾಟ್. ನಿಜವಾಗಿ ಉಳಿದದ್ದು 53. ಇನ್ನು ನೀರು: ಮೊದಲು ಎಂಜಿನ್ನಿನ ಬಿಸಿ ರೇಡಿಯೇಟರಿನ ಒಣಗಾಳಿಗೆ ಹೋಗುತ್ತಿತ್ತು, ಅದಕ್ಕೆ ಒಂದು ಹನಿ ನೀರೂ ಬೇಕಿರಲಿಲ್ಲ. ಈಗ ಅದೂ ಟವರಿನಲ್ಲಿ ನೀರನ್ನು ಆವಿ ಮಾಡಿಯೇ ಹೋಗಬೇಕು. 850 ಕಿಲೋವ್ಯಾಟಿಗೆ ಗಂಟೆಗೆ ಸುಮಾರು 1,200 ಲೀಟರ್ ಆವಿಯಾಗುತ್ತದೆ, ಲವಣ ಹೆಚ್ಚದಂತೆ ಹೊರಬಿಡುವ ನೀರು ಇನ್ನು 400 ಲೀಟರ್. ದಿನಕ್ಕೆ 38 ಸಾವಿರ ಲೀಟರಿನಷ್ಟಾಯಿತು. ವಿದ್ಯುತ್ ಚಿಲ್ಲರಿಗೆ ಇದರ ಅರ್ಧ ಸಾಕಿತ್ತು. ಹೆಚ್ಚುವರಿಯಾದ 19 ಸಾವಿರ ಲೀಟರನ್ನು ಟ್ಯಾಂಕರಿನಲ್ಲಿ ಕೊಂಡರೆ ಉಳಿತಾಯದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ನಾವು ಕಾರ್ಖಾನೆಯದೇ ಕೊಳಚೆ ಶುದ್ಧೀಕರಣ ಘಟಕದ ನೀರನ್ನು ಸೋಸಿ, ಮೆದುಗೊಳಿಸಿ ಟವರಿಗೆ ಕೊಡುತ್ತಿದ್ದೇವೆ. ಆ ನೀರು ಇಲ್ಲದಿದ್ದರೆ ಈ ಯೋಜನೆಯನ್ನು ನಾನು ಎರಡನೆಯ ಬಾರಿ ಶಿಫಾರಸು ಮಾಡುತ್ತಿರಲಿಲ್ಲ.

ಟವರ್ ದೊಡ್ಡದಾದ ಮೇಲೆ ಅದರಿಂದಲೇ ಇನ್ನೊಂದು ತೊಂದರೆ ಬಂದಿತು. ಡಿಸೆಂಬರ್‌ನ ಒಂದು ನಸುಕಿನಲ್ಲಿ ಹೊರಗಿನ ಗಾಳಿ ಬಹಳ ತಂಪಾಗಿತ್ತು. ಎರಡೂ ಸೆಲ್ಲಿನ ಫ್ಯಾನುಗಳು ಪೂರ್ತಿ ವೇಗದಲ್ಲಿ ಓಡುತ್ತಿದ್ದವು. ಟವರಿನ ನೀರು ಸ್ವಲ್ಪ ಹೊತ್ತಿನಲ್ಲಿಯೇ 19 ಡಿಗ್ರಿಗೆ ಇಳಿಯಿತು. ತಂಪಾದಷ್ಟೂ ಒಳ್ಳೆಯದೆಂದು ತೋರುತ್ತದೆ. ಆದರೆ ಅಬ್ಸಾರ್ಬರಿನಿಂದ ಹೊರಟ ತೆಳು ದ್ರಾವಣ ಹೆಚ್ಚು ತಂಪಾಗಿ, ಹೀಟ್ ಎಕ್ಸ್‌ಚೇಂಜರಿನಲ್ಲಿ ಎದುರಿನಿಂದ ಬರುವ ಗಟ್ಟಿ ದ್ರಾವಣವನ್ನು ಹರಳುಗಟ್ಟಿಸಿತು. ದಾರಿ ಕಟ್ಟಿದ್ದರಿಂದ ಬಿಸಿ ದ್ರಾವಣ ಮೇಲೇರಿ, ದ್ರಾವಣ ಉಕ್ಕಿದಾಗ ಹರಿಯಲೆಂದೇ ಇರುವ ಜೆ ಆಕಾರದ ಕೊಳವೆಯ ಮೂಲಕ ನೇರವಾಗಿ ಅಬ್ಸಾರ್ಬರಿಗೆ ಸುರಿಯತೊಡಗಿತು. ಆ ಕೊಳವೆ ಎಂದಿನ ದಿನಗಳಲ್ಲಿ ಅಂಗೈ ಇಡಬಹುದಾದಷ್ಟು ಬೆಚ್ಚಗಿರುತ್ತದೆ. ಅಂದು ಮುಟ್ಟಿದ ಕೈಯನ್ನು ತಕ್ಷಣ ಹಿಂತೆಗೆಯಬೇಕಾಯಿತು. ಬಿಸಿನೀರಿನ ಕವಾಟವನ್ನು ಅರ್ಧಕ್ಕೆ ಇಳಿಸಿ, ಟವರಿನ ಫ್ಯಾನು ಮತ್ತು ಪಂಪನ್ನು ನಿಲ್ಲಿಸಿ, ದ್ರಾವಣದ ಪಂಪನ್ನು ಮಾತ್ರ ಓಡುತ್ತಿರಲು ಬಿಟ್ಟೆವು. ಉಕ್ಕಿ ಬಂದ ಬಿಸಿ ದ್ರಾವಣವೇ ತೆಳು ದ್ರಾವಣವನ್ನು ಕಾಯಿಸಿ, ಅದು ಎಕ್ಸ್‌ಚೇಂಜರಿನ ಮೂಲಕ ಹಾಯ್ದು ಹರಳನ್ನು ಕರಗಿಸಿತು; ಪೂರ್ತಿ ಬಿಡಲು ನಾಲ್ಕು ಗಂಟೆ ಬೇಕಾಯಿತು.

ಆಮೇಲೆ ಫ್ಯಾನುಗಳಿಗೆ ವೇಗ ನಿಯಂತ್ರಕವನ್ನೂ, ಟವರಿನ ನೀರಿನ ಒಂದು ಪಾಲು ಟವರಿಗೆ ಹೋಗದೆ ಮರಳುವಂತೆ ಮೂರು ದಾರಿಯ ಕವಾಟವನ್ನೂ ಹಾಕಿ, ಚಿಲ್ಲರಿಗೆ ಹೋಗುವ ನೀರು 26 ಡಿಗ್ರಿಗಿಂತ ಕೆಳಗಿಳಿಯದಂತೆ ಮಾಡಿದ್ದೇವೆ. ಪಾಳಿಯ ಪುಸ್ತಕದಲ್ಲಿ ಈಗ ಮೂರು ಸಾಲುಗಳನ್ನು ತಪ್ಪದೆ ತುಂಬಬೇಕು: ಟವರಿನಿಂದ ಬರುವ ನೀರಿನ ಉಷ್ಣಾಂಶ, ಎಂಜಿನ್ ರೇಡಿಯೇಟರಿನ ಫ್ಯಾನ್ ತಿರುಗಿತೇ ಇಲ್ಲವೇ, ಮತ್ತು ಜೆ ಕೊಳವೆ ಬೆಚ್ಚಗಿದೆಯೇ ಸುಡುತ್ತಿದೆಯೇ.