ಅಪ್ಲಿಕೇಶನ್ ಮೇಲ್‌ನಲ್ಲಿ ಒಂದು ರೆಪೊ ಲಿಂಕು, ಎರಡು ವಾಕ್ಯ: ನನ್ನ ಅನುಭವ

ಹೋದ ವರ್ಷ ಮೂರು ತಿಂಗಳು ಕೆಲಸ ಹುಡುಕ್ತಾ ಇದ್ದೆ, ಹದಿನಾಲ್ಕು ಮೇಲ್ ಕಳಿಸಿದ್ದೆ, ಪ್ರತಿಯೊಂದರಲ್ಲೂ ಹಳೇ ಕನ್ನಡ ಫಾಂಟಿನ ಫೈಲ್‌ಗಳನ್ನ ಯೂನಿಕೋಡ್ ಮಾಡೋ ನನ್ನ ಟೂಲ್‌ನ ಗಿಟ್‌ಹಬ್ ರೆಪೊ ಲಿಂಕು, ಅದರ ಬಗ್ಗೆ ಎರಡು ವಾಕ್ಯ. ಒಂದಕ್ಕೂ ಉತ್ತರ ಇಲ್ಲ. ರೆಸ್ಯೂಮೆ ಸರಿಯಿಲ್ವೇನೋ ಅಂತ ಅದನ್ನೇ ತಿದ್ದಿ ತಿದ್ದಿ ಕೂತಿದ್ದೆ. ಆಮೇಲೆ ನಮ್ಮ ದೊಡ್ಡಪ್ಪನ ಮಗಳು, ಒಂದು ಕಂಪನೀಲಿ ಟೀಮ್ ಲೀಡ್, ಅವಳಿಗೆ ಅದೇ ಮೇಲ್ ಫಾರ್ವರ್ಡ್ ಮಾಡಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಲಿಂಕ್ ಒತ್ತಿದ್ರೆ 404 ಬರ್ತಿದೆ ಕಣೋ."

"ಇಲ್ಲಕ್ಕ, ನನಗೆ ಓಪನ್ ಆಗ್ತಿದೆ."

"ನಿನಗೆ ಆಗುತ್ತೆ, ನೀನು ಲಾಗಿನ್ ಆಗಿದೀಯ."

ರೆಪೊ ಪ್ರೈವೇಟ್ ಆಗೇ ಇತ್ತು. ಪ್ರೈವೇಟ್ ರೆಪೊ ಲಿಂಕನ್ನ ಹೊರಗಿನವರು ಒತ್ತಿದ್ರೆ ಗಿಟ್‌ಹಬ್ "ನಿಮಗೆ ಪರ್ಮಿಶನ್ ಇಲ್ಲ" ಅಂತ ಹೇಳಲ್ಲ, ಅಂಥಾ ಪೇಜೇ ಇಲ್ಲ ಅನ್ನೋ ಥರ 404 ತೋರಿಸುತ್ತೆ, ಹಾಗಾಗಿ ನೋಡಿದವರಿಗೆ ಇವನು ಲಿಂಕೇ ತಪ್ಪು ಕೊಟ್ಟಿದಾನೆ ಅನ್ಸುತ್ತೆ. ಹದಿನಾಲ್ಕು ಜನಕ್ಕೂ ಅದೇ ಹೋಗಿದೆ. ಅವತ್ತಿಂದ ಕಳಿಸೋ ಮುಂಚೆ ಮೇಲನ್ನ ನನಗೇ ಕಳಿಸ್ಕೊಂಡು, ಇನ್‌ಕಾಗ್ನಿಟೊ ವಿಂಡೋದಲ್ಲಿ ಲಿಂಕ್ ತೆಗೆದು ನೋಡ್ತೀನಿ.

ಪಬ್ಲಿಕ್ ಮಾಡೋದು ಒಂದು ಕ್ಲಿಕ್, ಆದ್ರೆ ಅದಕ್ಕೂ ಮುಂಚೆ ಹಳೇ ಕಮಿಟ್‌ಗಳಲ್ಲಿ ಪಾಸ್‌ವರ್ಡು, ಕೀ ಏನಾದ್ರೂ ಇದೆಯಾ ಅಂತ ನೋಡ್ಬೇಕು. ಫೈಲ್ ಡಿಲೀಟ್ ಮಾಡಿದ್ರೂ ಹಿಸ್ಟರೀಲಿ ಉಳಿದಿರುತ್ತೆ. ಅಂಥವು ಸಾಮಾನ್ಯವಾಗಿ ಇರೋ `.env` ಫೈಲನ್ನ ಹೀಗೆ ಹುಡುಕಬಹುದು:

```
git log --all --oneline -- .env
```

ಇದಕ್ಕೆ ಒಂದು ಸಾಲು ಬಂದ್ರೂ ಆ ಕೀ ಈಗಾಗ್ಲೇ ಹೊರಗೆ ಹೋಗಿದೆ ಅಂತಲೇ ಲೆಕ್ಕ, ಮೊದಲು ಅದನ್ನ ರದ್ದು ಮಾಡಿ ಹೊಸದು ತಗೊಳ್ಳೋದು. ನನಗೆ ಏನೂ ಬರ್ಲಿಲ್ಲ, ಪುಣ್ಯ.

ಸರಿ, ಪಬ್ಲಿಕ್ ಮಾಡಿದೆ. ಅಕ್ಕ ಮತ್ತೆ ಫೋನ್ ಮಾಡಿ "ಈಗ ಓಪನ್ ಆಯ್ತು, ರನ್ ಆಗ್ತಿಲ್ಲ" ಅಂದ್ಲು. ನನ್ನ ಮೆಶಿನ್‌ನಲ್ಲಿ ಚೆನ್ನಾಗೇ ಓಡ್ತಿತ್ತು. ಬೇರೆ ಫೋಲ್ಡರ್‌ಗೆ ಹೊಸದಾಗಿ ಕ್ಲೋನ್ ಮಾಡಿ, ರೀಡ್‌ಮೀಲಿ ನಾನೇ ಬರೆದಿದ್ದನ್ನ ಒಂದೊಂದೇ ಸಾಲು ಹಾಗೇ ಮಾಡ್ತಾ ಹೋದೆ, ಎರಡನೇ ಕಮಾಂಡಿಗೇ `FileNotFoundError`. ಅಕ್ಷರಗಳ ಮ್ಯಾಪಿಂಗ್ ಫೈಲ್ ರೆಪೊದಲ್ಲೇ ಇಲ್ಲ! ಯಾಕೆ ಅಂತ ಗಿಟ್‌ನೇ ಕೇಳಬಹುದು:

```
$ git check-ignore -v data/map.json
.gitignore:7:*.json	data/map.json
```

ಏಳನೇ ಸಾಲಲ್ಲಿ `*.json`, ಯಾವಾಗಲೋ ಟೆಸ್ಟ್ ಔಟ್‌ಪುಟ್ ಹೊರಗಿಡೋಕೆ ಅಂತ ಹಾಕಿ ಮರೆತಿದ್ದೆ. ಅದರ ಕೆಳಗೆ `!data/map.json` ಅಂತ ಒಂದು ಸಾಲು ಸೇರಿಸಿ, ಆ ಮ್ಯಾಪಿಂಗ್ ಫೈಲನ್ನೂ ಕಮಿಟ್ ಮಾಡಿದ ಮೇಲೆ ಸರಿಹೋಯ್ತು. ಒಂದು ಮಾತು, ನಾನು ಏಳನೇ ಸಾಲಲ್ಲಿ `data/` ಅಂತ ಪೂರ್ತಿ ಫೋಲ್ಡರನ್ನೇ ಹಾಕಿದ್ದಿದ್ರೆ ಈ `!` ಕೆಲಸ ಮಾಡ್ತಿರ್ಲಿಲ್ಲ, ಫೋಲ್ಡರ್ ಬಿಟ್ಟಮೇಲೆ ಗಿಟ್ ಅದರೊಳಗೆ ಇಣುಕೋದೇ ಇಲ್ಲ.

ಇನ್ನು ಆ ಎರಡು ವಾಕ್ಯ. ಅದಕ್ಕೆ ಪ್ರಾಜೆಕ್ಟ್ ಏನು ಅಂತ ಹೇಳಬೇಕು. ಶಿವಮೊಗ್ಗದಲ್ಲಿ ನಮ್ಮ ಸೋದರಮಾವಂದು ಒಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್ಸು. ಮದುವೆ ಕಾಗದ, ಸಂಘದ ವರದಿ, ಊರಿನ ಸ್ಮರಣ ಸಂಚಿಕೆ, ಎಲ್ಲಾ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿಟ್ಟಿರೋ ವರ್ಡ್ ಫೈಲ್‌ಗಳು. ಆ ಕಾಲದ ನುಡಿ ಫೈಲ್‌ನಲ್ಲಿ ಇರೋದು ನಿಜವಾದ ಕನ್ನಡ ಅಕ್ಷರ ಅಲ್ಲ, ಇಂಗ್ಲಿಷ್ ಮತ್ತೆ ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರೋ ಫಾಂಟು, ಫಾಂಟ್ ತೆಗೆದ್ರೆ `PÀ£ÁðlPÀ` ಅಂತ ಕಾಣುತ್ತೆ. ಅದು "ಕರ್ನಾಟಕ". ಇದನ್ನ ಯೂನಿಕೋಡ್ ಮಾಡೋ ಒಂದು ಪೈಥಾನ್ ಟೂಲ್ ಮಾಡಿದ್ದೆ, ಅಷ್ಟೇ ಪ್ರಾಜೆಕ್ಟು.

ಮೇಲ್ ಇಂಗ್ಲಿಷಲ್ಲೇ ಬರೆದಿದ್ದು, ಇಲ್ಲಿ ಕನ್ನಡದಲ್ಲಿ ಹೇಳ್ತೀನಿ. ನನ್ನ ಮೊದಲನೇ ಎರಡು ವಾಕ್ಯ ಹೀಗಿತ್ತು: "ಪೈಥಾನ್, ರೆಜೆಕ್ಸ್, ಫ್ಲಾಸ್ಕ್ ಬಳಸಿ ಕನ್ನಡ ಭಾಷೆಗಾಗಿ ಒಂದು ಸಂಪೂರ್ಣ ಕನ್ವರ್ಶನ್ ವ್ಯವಸ್ಥೆ ಕಟ್ಟಿದ್ದೇನೆ. ಇದರಿಂದ ಸಮಸ್ಯೆ ಬಿಡಿಸೋದು, ಕ್ಲೀನ್ ಕೋಡ್ ಬರೆಯೋದು ಕಲಿತೆ."

ಅಕ್ಕ ಕೇಳಿದ್ಲು, "ಇದರಲ್ಲಿ ನಿನಗೆ ಎರಡು ದಿನ ನಿದ್ದೆಗೆಡಿಸಿದ್ದು ಯಾವುದು?"

"ಅರ್ಕಾವತ್ತು."

"ಮತ್ತೆ ಅದೆಲ್ಲಿದೆ ಇಲ್ಲಿ?"

ಅರ್ಕಾವತ್ತು ಯಾಕೆ ಕಾಡುತ್ತೆ ಅಂದ್ರೆ, ಮೇಲಿನ `PÀ£ÁðlPÀ` ಮತ್ತೊಮ್ಮೆ ನೋಡಿ. `PÀ` ಅಂದ್ರೆ ಕ, `£Á` ಅಂದ್ರೆ ನಾ, ಆಮೇಲೆ ಬರೋ `ð` ಅರ್ಕಾವತ್ತು. ಕಣ್ಣಿಗೆ ಅದು ನಾ ಆದ್ಮೇಲೆ ಕಾಣುತ್ತೆ, ಫೈಲಲ್ಲೂ ಆಮೇಲೇ ಕೂತಿರುತ್ತೆ. ಆದ್ರೆ ಉಚ್ಚಾರಣೇಲಿ ರ್ ಮೊದಲು, ಯೂನಿಕೋಡಲ್ಲೂ ಮೊದಲು. ಒಂದೊಂದೇ ಚಿಹ್ನೆ ಬದಲಿಸ್ತಾ ಹೋದ್ರೆ ಸಿಗೋದು "ಕನಾರ್ಟಕ". ಇಂಟರ್ನೆಟ್ಟಲ್ಲಿ ಹಳೇ ಕನ್ನಡ ಲೇಖನಗಳಲ್ಲಿ ಈ "ಕನಾರ್ಟಕ" ನೋಡೇ ಇರ್ತೀರ, ಅದು ಟೈಪ್ ಮಾಡಿದವರ ತಪ್ಪಾಗಿರೋದು ಕಡಿಮೆ, ಕನ್ವರ್ಟರ್ ಮಾಡಿದ್ದೇ ಜಾಸ್ತಿ. ನಾನು ರ್ ಅನ್ನ ಒಂದು ವ್ಯಂಜನದ ಹಿಂದಕ್ಕೆ ತಳ್ಳೋ ಕೋಡ್ ಬರೆದೆ, ಕರ್ನಾಟಕ ಸರಿಹೋಯ್ತು, ಖುಷಿಯಾಗಿ ಮಾವನಿಗೆ ಕಳಿಸ್ದೆ. ಮಾರನೇ ದಿನ ಮಾವ ಒಂದು ವರದಿಯ ಪುಟ ಫೋಟೋ ತೆಗೆದು ಕಳಿಸಿದ್ರು, ಪೆನ್ನಲ್ಲಿ ಸುತ್ತು ಹಾಕಿ: "ಸಾಮಥ್ರ್ಯ". ಇರಬೇಕಾದ್ದು ಸಾಮರ್ಥ್ಯ. ನನ್ನ ಕೋಡ್ ಯ ಒತ್ತನ್ನ ಬೇರೆ ವ್ಯಂಜನ ಅಂದ್ಕೊಂಡು ರ್ ಅನ್ನ ಥ-ಯ ನಡುವೆ ತೂರಿಸಿತ್ತು. ಅಂದ್ರೆ ವ್ಯಂಜನ ಎಣಿಸಿದ್ರೆ ಆಗಲ್ಲ, ಮೂಲ ವ್ಯಂಜನ, ಅದರ ಒತ್ತುಗಳು, ಸ್ವರದ ಗುಣಿತ ಎಲ್ಲಾ ಸೇರಿ ಒಂದು ಅಕ್ಷರ ಅಂತ ಮೊದಲು ಗುಂಪು ಕಟ್ಟಿ, ಆ ಇಡೀ ಗುಂಪಿಗಿಂತ ಮೊದಲು ರ್ ಇಡಬೇಕು. ಒಂದನೇ ಕ್ಲಾಸಲ್ಲಿ ಸ್ಲೇಟಿನ ಮೇಲೆ ಬರೆಸಿದ್ದನ್ನೇ ಕೋಡಲ್ಲಿ ಬರೆಯೋಕೆ ಎರಡು ದಿನ ಹಿಡೀತು.

ಇನ್ನೊಂದು ವಿಷಯಕ್ಕೂ ಅಕ್ಕ ಹಿಡ್ಕೊಂಡ್ಲು. "ಸಂಪೂರ್ಣ ವ್ಯವಸ್ಥೆ ಕಟ್ಟಿದ್ದೇನೆ ಅಂತೀಯ, ಈ ಮ್ಯಾಪಿಂಗ್ ಟೇಬಲ್ ಯಾರ್ದು?" ಅದು ನಂದಲ್ಲ, ಮುಂಚೆನೇ ಇದ್ದ ಒಂದು ಓಪನ್ ಸೋರ್ಸ್ ಪ್ರಾಜೆಕ್ಟಿಂದ ತಗೊಂಡಿದ್ದು, ಲೈಸೆನ್ಸ್ ಫೈಲಲ್ಲಿ ಹೇಳಿದ್ದೆ ಕೂಡ. ಆದ್ರೆ ಮೇಲ್ ಓದಿ ರೆಪೊ ತೆಗೆಯೋರಿಗೆ ಮೊದಲು ಕಾಣೋದು ಆ ದೊಡ್ಡ ಟೇಬಲ್ಲೇ, ಅದರ ಮೇಲೆ ಬೇರೆಯವರ ಹೆಸರು, ಮೇಲ್‌ನಲ್ಲಿ "ನಾನು ಕಟ್ಟಿದೆ". ಎರಡೂ ಒಟ್ಟಿಗೆ ನೋಡಿದ್ರೆ ಅನುಮಾನ ಬರದೇ ಇರುತ್ತಾ?

ಕೊನೆಗೆ ನಿಂತ ವಾಕ್ಯಗಳು ಇವು, ಏಳೆಂಟು ಸಲ ತಿದ್ದಿದ ಮೇಲೆ:

"ಹಳೇ ನುಡಿ ಫಾಂಟಿನ ವರ್ಡ್ ಫೈಲ್‌ಗಳನ್ನ ಯೂನಿಕೋಡಿಗೆ ಬದಲಿಸೋ ಕಮಾಂಡ್ ಲೈನ್ ಟೂಲ್ ಇದು, ಒಂದು ಪ್ರೆಸ್ಸಿನ 312 ಫೈಲ್‌ಗಳಿಗೆ ಬಳಸಿದ್ದೇವೆ. ಅಕ್ಷರದ ಟೇಬಲ್ ಓಪನ್ ಸೋರ್ಸಿಂದ ತಗೊಂಡದ್ದು, ನನ್ನ ಕೆಲಸ `reorder.py`: ಒತ್ತಕ್ಷರ ಗುಣಿತ ಸೇರಿಸಿ ಇಡೀ ಅಕ್ಷರವನ್ನ ಒಂದು ಗುಂಪಾಗಿ ಓದಿ ಅರ್ಕಾವತ್ತನ್ನ ಸರಿಯಾದ ಜಾಗಕ್ಕೆ ತರುತ್ತೆ, ಇಲ್ಲದಿದ್ರೆ ಕರ್ನಾಟಕ ಅನ್ನೋದು ಕನಾರ್ಟಕ ಆಗುತ್ತೆ."

ಎರಡನೇದು ಉದ್ದ ಆಯ್ತು, ಗೊತ್ತು, ಆದ್ರೆ ತುಂಡು ಮಾಡಿದ್ರೆ ಮೂರು ವಾಕ್ಯ ಆಗುತ್ತೆ, ಒಂದು ಕಂಪನಿಯವರು ಎರಡೇ ವಾಕ್ಯ ಅಂತ ಕೇಳಿದ್ರು. ಮೊದಲನೇದರಲ್ಲಿ ಯಾರಿಗೆ ಏನು ಮಾಡುತ್ತೆ, ಎಷ್ಟು ಬಳಸಿದೀವಿ. ಎರಡನೇದರಲ್ಲಿ ಯಾವ ಫೈಲ್ ತೆಗೆದು ನೋಡಬೇಕು, ಅಲ್ಲಿ ಏನು ಕಷ್ಟ ಇತ್ತು. ಫ್ಲಾಸ್ಕ್ ಹೆಸರು ತೆಗೆದೇಬಿಟ್ಟೆ, ಅದು ಬರೀ ಅಪ್‌ಲೋಡ್ ಬಟನ್ನಿಗೆ ಹಾಕಿದ್ದು, ಅದರ ಬಗ್ಗೆ ಪ್ರಶ್ನೆ ಬಂದ್ರೆ ನನಗೆ ಹೇಳೋಕೆ ಏನೂ ಇರ್ಲಿಲ್ಲ. ಲಿಂಕಿಗೆ ಬೇರೆ ಸಾಲು, ಕೊನೇಲಿ ಫುಲ್‌ಸ್ಟಾಪ್ ಇಲ್ಲ, ಪ್ರೊಫೈಲ್ ಲಿಂಕ್ ಅಲ್ಲ ನೇರ ರೆಪೊ ಲಿಂಕು, ಯಾಕಂದ್ರೆ ನನ್ನ ಪ್ರೊಫೈಲಲ್ಲಿ ಕಾಲೇಜಿನ ಅರ್ಧಂಬರ್ಧ ಟು-ಡೂ ಆಪ್‌ಗಳೇ ತುಂಬಿದ್ವು.

ಹೊಸ ಮೇಲ್ ಐದು ಕಡೆ ಕಳಿಸಿದೆ, ಎರಡು ಕಡೆಯಿಂದ ಕರೆ ಬಂತು. ಒಂದು ಕಡೆ ಇಂಟರ್‌ವ್ಯೂ ಮಾಡಿದವರು ತಮಿಳಿನವರು, ಕನ್ನಡ ಓದೋಕೆ ಬರಲ್ಲ, ಆದ್ರೆ `reorder.py` ತೆಗೆದಿಟ್ಕೊಂಡೇ ಕೂತಿದ್ರು. ಮೊದಲ ಪ್ರಶ್ನೆನೇ, "ಒಂದೇ ವರ್ಡ್ ಫೈಲಲ್ಲಿ ನಿಜವಾದ ಇಂಗ್ಲಿಷ್ ಪದನೂ ಇದ್ರೆ?" ಅದಕ್ಕೆ ಉತ್ತರ ಇತ್ತು. ಎರಡೂ ಅದೇ ಅಕ್ಷರಗಳನ್ನ ಬಳಸೋದ್ರಿಂದ ಬರೀ ಟೆಕ್ಸ್ಟ್ ನೋಡಿ ಹೇಳೋಕಾಗಲ್ಲ, ವರ್ಡ್ ಫೈಲಲ್ಲಿ ಪ್ರತಿ ತುಂಡಿಗೂ ಫಾಂಟ್ ಹೆಸರು ಇರುತ್ತೆ, ನುಡಿ ಅಂತ ಇದ್ರೆ ಮಾತ್ರ ಬದಲಿಸ್ತೀನಿ, ಅದಕ್ಕೇ ಟೆಕ್ಸ್ಟ್ ಫೈಲ್ ತಗೊಳಲ್ಲ ಅಂದೆ. ತಕ್ಷಣ, "ಫಾಂಟನ್ನ ತುಂಡಿಗೆ ಹಾಕದೆ ಸ್ಟೈಲಲ್ಲಿ ಹಾಕಿದ್ರೆ?"

ಸುಮ್ಮನಾದೆ. `run.font.name` ಆಗ `None` ಕೊಡುತ್ತೆ, ನನ್ನ ಕೋಡ್ ಅದನ್ನ ನುಡಿ ಅಲ್ಲ ಅಂದ್ಕೊಂಡು ಸದ್ದಿಲ್ಲದೆ ಹಾಗೇ ಬಿಟ್ಟುಬಿಡುತ್ತೆ, ಎರರ್ ಕೂಡ ಬರಲ್ಲ. "ಆ ಕೇಸ್ ನಾನು ಹ್ಯಾಂಡಲ್ ಮಾಡಿಲ್ಲ ಸರ್, ಪ್ಯಾರಾಗ್ರಾಫ್ ಸ್ಟೈಲ್ ವರೆಗೂ ಮೇಲೆ ಹತ್ತಿ ನೋಡಬೇಕು" ಅಂದೆ. ಆಮೇಲೆ ಅರ್ಧ ಗಂಟೆ ಅದರ ಮೇಲೇ ಮಾತು ನಡೀತು, ಬೇರೆ ಏನೂ ಕೇಳ್ಲಿಲ್ಲ. ಕೆಲಸ ಅಲ್ಲೇ ಸಿಕ್ತು.

ಮನೆಗೆ ಬಂದು ಮಾವನ 312 ಫೈಲಲ್ಲಿ ಹುಡುಕಿದೆ. ಒಂಬತ್ತು ಫೈಲಲ್ಲಿ ಪೂರ್ತಿ ಪುಟಗಳೇ `PÀ£ÁðlPÀ` ಥರ ಹಾಗೇ ಉಳಿದಿದ್ವು, ಯಾರೂ ಗಮನಿಸಿರ್ಲಿಲ್ಲ, ಮಾವನಿಗೆ ಇನ್ನೂ ಹೇಳಿಲ್ಲ.